ಡೈಲ್ಯೂಟೆಡ್ ಇಪಿಎಸ್ ನೀವೇ ಲೆಕ್ಕ ಹಾಕಿ ನೋಡೋದು ಹೇಗೆ: ಮೊದಲು ಸ್ಟಾಕ್ ಆಪ್ಷನ್, ಆಮೇಲೆ ಬಾಂಡ್

ಕಂಪನಿ ರಿಸಲ್ಟ್ ತೆಗೆದು ನೋಡಿದ್ರೆ ಲಾಭ ನಷ್ಟದ ಪಟ್ಟಿಯ ಕೊನೇಲಿ ಎರಡು ಇಪಿಎಸ್, ಅಂದ್ರೆ ಒಂದು ಷೇರಿನ ಪಾಲಿಗೆ ಬರೋ ಲಾಭ, ಇರತ್ತೆ, ಒಂದು ಬೇಸಿಕ್, ಇನ್ನೊಂದು ಡೈಲ್ಯೂಟೆಡ್. ಬೇಸಿಕ್ ಅಂದ್ರೆ ಈಗ ಇರೋ ಷೇರುಗಳಿಗೆ ಲಾಭ ಹಂಚಿದ್ರೆ ಒಂದೊಂದಕ್ಕೆ ಎಷ್ಟು ಬರತ್ತೆ ಅನ್ನೋದು. ಡೈಲ್ಯೂಟೆಡ್ ಅಂದ್ರೆ ಉದ್ಯೋಗಿಗಳ ಸ್ಟಾಕ್ ಆಪ್ಷನ್, ಷೇರಾಗಿ ಬದಲಾಗಬಹುದಾದ ಬಾಂಡ್ ಇಂಥವೆಲ್ಲ ಇವತ್ತೇ ಷೇರಾಗಿಬಿಟ್ರೆ ಪಾಲು ಎಷ್ಟಕ್ಕೆ ಇಳಿಯತ್ತೆ ಅನ್ನೋದು. ತುಂಬಾ ಜನ "ಹೊಸ ಷೇರು ಎಷ್ಟು ಬರಬಹುದೋ ಅಷ್ಟನ್ನೂ ಕೆಳಗೆ ಕೂಡಿಸಿ ಭಾಗಿಸಿದ್ರೆ ಆಯ್ತು" ಅಂದ್ಕೊಂಡಿದಾರೆ, ನಾನೂ ಹಾಗೇ ಮಾಡ್ತಿದ್ದೆ, ಉತ್ತರ ಯಾವತ್ತೂ ಕಂಪನಿ ಕೊಟ್ಟ ಅಂಕಿಗೆ ಹೊಂದ್ತಿರಲಿಲ್ಲ. ಯಾಕೆ ಅಂತ ಒಂದು ಲೆಕ್ಕ ಪೂರ್ತಿ ಮಾಡಿ ನೋಡೋಣ.

ಒಂದು ಕಲ್ಪನೆಯ ಕಂಪನಿ ತಗೊಳ್ಳಿ. ತೆರಿಗೆ ಕಳೆದು ಲಾಭ 12 ಕೋಟಿ ರೂಪಾಯಿ, ಷೇರು 2 ಕೋಟಿ. ಉದ್ಯೋಗಿಗಳ ಕೈಲಿ 20 ಲಕ್ಷ ಆಪ್ಷನ್ ಇದೆ, ಒಂದೊಂದಕ್ಕೂ 120 ರೂಪಾಯಿ ಕಟ್ಟಿ ಒಂದು ಷೇರು ತಗೋಬಹುದು. ಇದರ ಜೊತೆಗೆ ವರ್ಷದ ಶುರುವಲ್ಲೇ ಕಂಪನಿ 50 ಕೋಟಿಯ ಐದು ವರ್ಷದ ಕನ್ವರ್ಟಿಬಲ್ ಬಾಂಡ್ ಕೊಟ್ಟಿದೆ, ಕೂಪನ್ ಬಡ್ಡಿ ಶೇಕಡ 2, ಬೇಕಾದ್ರೆ ಅದನ್ನ 250 ರೂಪಾಯಿಗೊಂದರಂತೆ 20 ಲಕ್ಷ ಷೇರಾಗಿ ಬದಲಾಯಿಸ್ಕೋಬಹುದು. ತೆರಿಗೆ ದರ ಶೇಕಡ 25 ಅಂತಿಟ್ಕೊಳ್ಳಿ.

ಹೆಜ್ಜೆ 1: ಬೇಸಿಕ್ ಇಪಿಎಸ್

12 ಕೋಟಿಯನ್ನ 2 ಕೋಟಿಯಿಂದ ಭಾಗಿಸಿದ್ರೆ 6 ರೂಪಾಯಿ, ಅಷ್ಟೆ. ಆದ್ರೆ ಆ 2 ಕೋಟಿ ಅನ್ನೋದು ವರ್ಷದ ಕೊನೇ ದಿನದ ಷೇರು ಸಂಖ್ಯೆ ಅಲ್ಲ, ಇಡೀ ವರ್ಷದ ಸರಾಸರಿ. ಮಧ್ಯದಲ್ಲಿ ಹೊಸ ಷೇರು ಬಂದಿದ್ರೆ ಅದು ಎಷ್ಟು ದಿನ ಇತ್ತೋ ಅಷ್ಟಕ್ಕೆ ಮಾತ್ರ ಲೆಕ್ಕ.

ಹೆಜ್ಜೆ 2: ಆಪ್ಷನ್‌ನಲ್ಲಿ ಪುಕ್ಕಟೆ ಹೋಗೋ ಷೇರು ಎಷ್ಟು

ಆಪ್ಷನ್ 20 ಲಕ್ಷ ಇದೆ ಅಂತ 20 ಲಕ್ಷನೂ ಸೇರಿಸಂಗಿಲ್ಲ, ಯಾಕಂದ್ರೆ ಉದ್ಯೋಗಿ ಸುಮ್ನೆ ತಗೊಳಲ್ಲ, 120 ರೂಪಾಯಿ ಕಟ್ತಾನೆ, ಆ ದುಡ್ಡು ಕಂಪನಿಗೆ ಬರತ್ತೆ. ಎಲ್ಲರೂ ಒಟ್ಟಿಗೆ ಕಟ್ಟಿದ್ರೆ 24 ಕೋಟಿ. ಈಗ ಕೇಳ್ಕೋಬೇಕಾದ ಪ್ರಶ್ನೆ, ಈ 24 ಕೋಟಿಗೆ ಮಾರ್ಕೆಟ್ ಬೆಲೇಲಿ ಎಷ್ಟು ಷೇರು ಬರತ್ತೆ? ವರ್ಷದ ಸರಾಸರಿ ಬೆಲೆ 200 ರೂಪಾಯಿ ಇತ್ತು ಅಂದ್ರೆ 12 ಲಕ್ಷ. ಅಂದ್ರೆ 12 ಲಕ್ಷ ಷೇರಿಗೆ ಪೂರ್ತಿ ಬೆಲೆ ಸಿಕ್ಕಿದೆ, ಅದರಿಂದ ಯಾರ ಪಾಲೂ ಕರಗಲ್ಲ. ಉಳಿದ 8 ಲಕ್ಷ ಷೇರಿಗೆ ಕಂಪನಿಗೆ ಒಂದು ಪೈಸೇನೂ ಬಂದಿಲ್ಲ, ಅದು ಹಳೇ ಷೇರುದಾರರ ಜೇಬಿಂದ ಹೋಗಿದ್ದು. ಕೆಳಗೆ ಸೇರಿಸಬೇಕಾದ್ದು ಆ 8 ಲಕ್ಷ ಮಾತ್ರ. ಅಮೆರಿಕದ ಲೆಕ್ಕದಲ್ಲಿ ಇದಕ್ಕೆ ಟ್ರೆಷರಿ ಸ್ಟಾಕ್ ಮೆಥಡ್ ಅಂತಾರೆ, ಬಂದ ದುಡ್ಡಲ್ಲಿ ಕಂಪನಿ ತನ್ನ ಷೇರನ್ನೇ ವಾಪಸ್ ಕೊಂಡಂತೆ ಊಹಿಸೋದ್ರಿಂದ. ಇಪಿಎಸ್ ಕುರಿತ ಅಂತರರಾಷ್ಟ್ರೀಯ ಲೆಕ್ಕಪತ್ರ ನಿಯಮ ಐಎಎಸ್ 33ರಲ್ಲಿ ಬೇರೆ ಮಾತಲ್ಲಿ ಹೇಳಿದ್ರೂ ಲೆಕ್ಕ ಇದೇ.

```
12 ಕೋಟಿ / 2.08 ಕೋಟಿ = 5.77
```

ಇಲ್ಲಿ ಎರಡು ಕಡೆ ಎಡವೋ ಚಾನ್ಸ್ ಜಾಸ್ತಿ. ಒಂದು, ವರ್ಷದ ಕೊನೇ ದಿನದ ಬೆಲೆ ಹಾಕೋದು. ಬೇಕಾಗಿರೋದು ಆ ಅವಧಿಯ ಸರಾಸರಿ. ಷೇರು ಕೊನೇ ತಿಂಗಳಲ್ಲಿ ಜಿಗಿದು 300 ಮುಟ್ಟಿದೆ ಅಂತ 300 ಹಾಕಿದ್ರೆ ಪುಕ್ಕಟೆ ಷೇರು 8 ಲಕ್ಷದ ಬದಲು 12 ಲಕ್ಷ ಆಗ್ಬಿಡತ್ತೆ. ಸರಾಸರಿ ಬೆಲೆ 120ಕ್ಕಿಂತ ಕೆಳಗಿದ್ರೆ ಆಪ್ಷನ್ ಲೆಕ್ಕಕ್ಕೇ ಬರಲ್ಲ, 100 ರೂಪಾಯಿಗೆ ಸಿಗೋ ಷೇರನ್ನ 120 ಕೊಟ್ಟು ಯಾರು ತಗೊಳ್ತಾರೆ. ಬೆಲೆ ಏರಿದಷ್ಟೂ ಡೈಲ್ಯೂಷನ್ ಜಾಸ್ತಿ ಅನ್ನೋದು ಇದರಿಂದಾನೇ.

ಎರಡನೇದು ಸ್ವಲ್ಪ ಒಳಗಿನ ವಿಷಯ, ಹೊರಗಿಂದ ಲೆಕ್ಕ ಹಾಕೋರು ಬಹುಪಾಲು ಇದನ್ನ ಬಿಟ್ಟೇಬಿಡ್ತಾರೆ. ಇನ್ನೂ ವೆಸ್ಟ್ ಆಗದ, ಅಂದ್ರೆ ಬಳಸೋ ಹಕ್ಕು ಇನ್ನೂ ಉದ್ಯೋಗಿ ಕೈಗೆ ಬರದ ಆಪ್ಷನ್‌ಗೆ ಉದ್ಯೋಗಿ 120 ರೂಪಾಯಿ ಒಂದೇ ಕೊಡಲ್ಲ, ಮುಂದೆ ಇನ್ನೊಂದೆರಡು ವರ್ಷ ಕೆಲಸಾನೂ ಮಾಡಿಕೊಡ್ಬೇಕು. ಆ ಕೆಲಸದ ಬೆಲೆ, ಅಂದ್ರೆ ಕಂಪನಿ ಇನ್ನೂ ಖರ್ಚು ಅಂತ ಬರೆಯದೆ ಬಾಕಿ ಇಟ್ಟಿರೋ ಆಪ್ಷನ್ ವೆಚ್ಚ, ಅದೂ 120ರ ಜೊತೆ ಸೇರಬೇಕು. ಆಪ್ಷನ್‌ಗೆ ಸರಾಸರಿ 40 ರೂಪಾಯಿ ಬಾಕಿ ಇದೆ ಅಂದ್ರೆ ಬೆಲೆ 160 ಅಂತ ಹಿಡೀಬೇಕು, ಆಗ 32 ಕೋಟಿ ಬಂದಂತಾಯ್ತು, 200ರಂತೆ 16 ಲಕ್ಷ ಷೇರು, ಪುಕ್ಕಟೆ ಉಳಿಯೋದು 4 ಲಕ್ಷ ಮಾತ್ರ. 8 ಇದ್ದಿದ್ದು 4 ಆಯ್ತು ನೋಡಿ! ಅದೇ ಆಪ್ಷನ್ ಮುಂದಿನ ವರ್ಷ ವೆಸ್ಟ್ ಆಗ್ತಾ ಬಂದಂತೆ ಆ 40 ಕರಗತ್ತೆ, ಬೆಲೆ ಅಲ್ಲೇ ನಿಂತಿದ್ರೂ ಡೈಲ್ಯೂಷನ್ ಹೆಚ್ಚತ್ತೆ. ನಮ್ಮ ಲೆಕ್ಕದಲ್ಲಿ ಎಲ್ಲ ವೆಸ್ಟ್ ಆಗಿವೆ ಅಂತಿಟ್ಕೊಂಡು 8 ಲಕ್ಷನೇ ಮುಂದುವರಿಸೋಣ.

ಹೆಜ್ಜೆ 3: ಬಾಂಡ್‌ಗೆ ಮೇಲೂ ಕೆಳಗೂ ಕೈ ಹಾಕ್ಬೇಕು

ಬಾಂಡ್ ಷೇರಾದ್ರೆ ಎರಡು ಕಡೆ ಬದಲಾಗತ್ತೆ. ಕೆಳಗೆ 20 ಲಕ್ಷ ಷೇರು ಸೇರತ್ತೆ, ಇಲ್ಲಿ ಆಪ್ಷನ್ ಥರ ಪುಕ್ಕಟೆ ಭಾಗ ಅಂತ ಬೇರೆ ಮಾಡೋದಿಲ್ಲ, ಅಷ್ಟೂ ಸೇರತ್ತೆ, ಷೇರು ಬೆಲೆ 250 ಮುಟ್ಟಿದೆಯೋ ಇಲ್ವೋ ಅಂತಾನೂ ನೋಡಲ್ಲ. ಮೇಲೆ, ಬಾಂಡ್ ಇಲ್ಲದಿದ್ರೆ ಬಡ್ಡಿ ಕಟ್ಟೋ ಹಾಗಿರ್ತಿರಲಿಲ್ಲ, ಹಾಗಾಗಿ ಆ ಬಡ್ಡಿ ಲಾಭಕ್ಕೆ ವಾಪಸ್ ಸೇರತ್ತೆ. ಬಡ್ಡಿಯಿಂದ ತೆರಿಗೆ ಉಳೀತಿತ್ತಲ್ಲ, ಅದನ್ನ ಕಳೆದು ಸೇರಿಸ್ಬೇಕು.

ಯಾವ ಬಡ್ಡಿ? ಇಲ್ಲೇ ನೋಡಿ ನಾನು ತುಂಬಾ ದಿನ ತಪ್ಪು ಮಾಡಿದ್ದು. ಕೂಪನ್ ಶೇಕಡ 2, 50 ಕೋಟಿಗೆ 1 ಕೋಟಿ, ತೆರಿಗೆ ಕಳೆದು 75 ಲಕ್ಷ. ಅದನ್ನ 20 ಲಕ್ಷ ಷೇರಿಗೆ ಹಂಚಿದ್ರೆ ಷೇರಿಗೆ 3.75. ಇದು 5.77ಕ್ಕಿಂತ ಕಮ್ಮಿ, ಹಾಗಾಗಿ ಪಾಲು ಕರಗತ್ತೆ, ಲೆಕ್ಕಕ್ಕೆ ತಗೋ ಅಂತ ಮಾಡಿದೆ, ಉತ್ತರ 12.75 ಕೋಟಿ ಭಾಗಿಸು 2.28 ಕೋಟಿ, 5.59. ನೋಡೋಕೆ ಸರಿಯಾಗೇ ಇದೆ, ಆದ್ರೆ ತಪ್ಪು.

ಅಂತರರಾಷ್ಟ್ರೀಯ ನಿಯಮದ ಪ್ರಕಾರ, ಐಎಎಸ್ 32ರಲ್ಲಿ, ಇಂಥ ಬಾಂಡನ್ನ ಎರಡು ಹೋಳು ಮಾಡಿ ಬರೀತಾರೆ. ಷೇರಾಗೋ ಹಕ್ಕು ಇಲ್ಲದ ಸಾದಾ ಬಾಂಡ್ ಆಗಿದ್ರೆ ಈ ಕಂಪನಿ ಶೇಕಡ 7 ಬಡ್ಡಿ ಕೊಡಬೇಕಿತ್ತು ಅಂದ್ಕೊಳ್ಳಿ. ಐದು ವರ್ಷದ ಕೂಪನ್ನು, ಕೊನೇಲಿ ವಾಪಸ್ ಕೊಡೋ 50 ಕೋಟಿ, ಇವೆಲ್ಲವನ್ನ ಶೇಕಡ 7ರಲ್ಲಿ ಇವತ್ತಿನ ಬೆಲೆಗೆ ತಂದ್ರೆ ಸುಮಾರು 40 ಕೋಟಿ ಬರತ್ತೆ. ಅದು ಸಾಲದ ಭಾಗ, ಉಳಿದ 10 ಕೋಟಿ ಷೇರಾಗೋ ಹಕ್ಕಿನ ಬೆಲೆ ಅಂತ ಇಕ್ವಿಟಿಗೆ ಹೋಗತ್ತೆ. ಆಮೇಲೆ ಪ್ರತಿ ವರ್ಷ ಲಾಭದಿಂದ ಕಳೆಯೋ ಬಡ್ಡಿ ಸಾಲದ ಭಾಗದ ಮೇಲೆ ಶೇಕಡ 7, ಮೊದಲ ವರ್ಷ 2.8 ಕೋಟಿ. ಕೈಯಿಂದ ಹೋಗೋದು 1 ಕೋಟಿನೇ, ಆದ್ರೆ ನಮ್ಮ ಆ 12 ಕೋಟಿ ಲಾಭ ಬಂದಿರೋದು 2.8 ಕೋಟಿ ಕಳೆದ ಮೇಲೆ. ಕಳೆದಿದ್ದು ಎಷ್ಟೋ ವಾಪಸ್ ಸೇರಿಸ್ಬೇಕಾದ್ದೂ ಅಷ್ಟೇ.

2.8 ಕೋಟಿಯಲ್ಲಿ ತೆರಿಗೆ ಕಳೆದ್ರೆ 2.1 ಕೋಟಿ. 20 ಲಕ್ಷ ಷೇರಿಗೆ ಹಂಚಿದ್ರೆ ಷೇರಿಗೆ 10.50 ರೂಪಾಯಿ.

```
(12 + 2.1) ಕೋಟಿ / (2.08 + 0.20) ಕೋಟಿ = 6.18
```

5.77 ಇದ್ದಿದ್ದು 6.18 ಆಯ್ತು, ಕಮ್ಮಿ ಆಗೋ ಬದಲು ಏರ್ತು! ಇಂಥದ್ದಕ್ಕೆ ಆ್ಯಂಟಿ ಡೈಲ್ಯೂಟಿವ್ ಅಂತಾರೆ, ಇದನ್ನ ಲೆಕ್ಕಕ್ಕೆ ಸೇರಿಸೋ ಹಾಗೇ ಇಲ್ಲ. ಡೈಲ್ಯೂಟೆಡ್ ಇಪಿಎಸ್ ಇರೋದೇ ಕೆಟ್ಟ ಪರಿಸ್ಥಿತೀಲಿ ಪಾಲು ಎಷ್ಟಕ್ಕಿಳಿಯತ್ತೆ ಅಂತ ತೋರಿಸೋಕೆ, ಪಾಲು ಹೆಚ್ಚಿಸೋದನ್ನ ಅಲ್ಲಿ ತಂದು ಹಾಕಂಗಿಲ್ಲ. ಹಾಗಾಗಿ ಈ ಕಂಪನಿ ಪ್ರಕಟಿಸೋ ಡೈಲ್ಯೂಟೆಡ್ ಇಪಿಎಸ್ 5.77, ಬಾಂಡ್ ಹೊರಗೆ.

ಅಮೆರಿಕದಲ್ಲಿ ಇದೇ ಬಾಂಡ್‌ನ ಕಥೆ ಬೇರೆ. 2020ರಲ್ಲಿ ಅಲ್ಲಿ ನಿಯಮ ಬದಲಾಯಿಸಿ ಸಾಮಾನ್ಯ ಕನ್ವರ್ಟಿಬಲ್ ಬಾಂಡನ್ನ ಹೀಗೆ ಹೋಳು ಮಾಡೋದನ್ನ ನಿಲ್ಲಿಸಿದ್ರು, ಹಾಗಾಗಿ ಖರ್ಚಿಗೆ ಹೋಗೋದು ಹೆಚ್ಚುಕಮ್ಮಿ ಕೂಪನ್ ಅಷ್ಟೆ. ನಮ್ಮ ಕಂಪನಿ ಅಲ್ಲಿದ್ರೆ ಬಡ್ಡಿ ಖರ್ಚು 1.8 ಕೋಟಿ ಕಮ್ಮಿ, ತೆರಿಗೆ ಕಳೆದು ಲಾಭ 13.35 ಕೋಟಿ, ಬೇಸಿಕ್ ಸುಮಾರು 6.68, ಆಪ್ಷನ್ ಸೇರಿದ್ರೆ 6.42, ಆಗ ಬಾಂಡ್‌ನ 3.75 ಸರಿಯಾದ ಸಂಖ್ಯೆ, ಬಾಂಡ್ ಒಳಗೆ ಬರತ್ತೆ, ಡೈಲ್ಯೂಟೆಡ್ 6.18. ಬಾಂಡ್ ಷೇರಾಗಿದ್ರೆ ಅನ್ನೋ ಲೆಕ್ಕಕ್ಕೆ ಎರಡೂ ಕಡೆ 6.18 ಬಂತು ಗಮನಿಸಿದ್ರಾ, ಸಾಲವೇ ಇಲ್ಲ ಅಂದ್ಮೇಲೆ ಬಡ್ಡಿ ಹೇಗೆ ಬರೆದ್ರು ಅನ್ನೋದು ಮುಖ್ಯ ಆಗಲ್ಲ. ಬದಲಾಗಿದ್ದು ಅದನ್ನ ಯಾವುದರ ಜೊತೆ ಹೋಲಿಸಿದ್ರು ಅನ್ನೋದು ಮಾತ್ರ. ಎರಡು ದೇಶದ ಕಂಪನಿಗಳ ಡೈಲ್ಯೂಟೆಡ್ ಇಪಿಎಸ್ ಅಕ್ಕಪಕ್ಕ ಇಟ್ಟು ನೋಡೋರು ಇದನ್ನ ದಯವಿಟ್ಟು ನೆನಪಿಟ್ಕೊಳ್ಳಿ.

ಹೆಜ್ಜೆ 4: ಯಾವುದು ಮೊದಲು

ಆಪ್ಷನ್ ಮೊದಲು ಮಾಡಿದ್ದು ಸುಮ್ನೆ ಅಲ್ಲ. ಪ್ರತಿಯೊಂದಕ್ಕೂ ಮೇಲೆ ಎಷ್ಟು ಸೇರತ್ತೆ, ಕೆಳಗೆ ಎಷ್ಟು ಸೇರತ್ತೆ ಅಂತ ಭಾಗಿಸಿ ಒಂದು ಸಂಖ್ಯೆ ತಗೊಂಡು, ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ ನಿಲ್ಲಿಸ್ಬೇಕು. ಆಪ್ಷನ್‌ಗೆ ಮೇಲೆ ಏನೂ ಸೇರಲ್ಲ, ಸಂಖ್ಯೆ ಸೊನ್ನೆ, ಅದಕ್ಕೇ ಅದು ಯಾವಾಗ್ಲೂ ಸಾಲಲ್ಲಿ ಮುಂದೆ. ಬಾಂಡ್‌ನ ಸಂಖ್ಯೆ 5.85 ಬಂದಿದ್ರೆ ಏನಾಗ್ತಿತ್ತು ಯೋಚಿಸಿ, ಬೇಸಿಕ್ 6ರ ಜೊತೆ ಹೋಲಿಸಿದ್ರೆ ಒಳಗೆ, ಆಪ್ಷನ್ ಸೇರಿಸಿದ ಮೇಲಿನ 5.77ರ ಜೊತೆ ಹೋಲಿಸಿದ್ರೆ ಹೊರಗೆ. ಸರಿ ಇರೋದು ಎರಡನೇದು.

ಕಂಪನಿ ನಷ್ಟದಲ್ಲಿದ್ರೆ ಈ ಹೆಜ್ಜೆಗಳೇ ಬೇಡ. ಷೇರು ಜಾಸ್ತಿ ಆದಷ್ಟೂ ಷೇರಿಗಾಗೋ ನಷ್ಟ ಕಮ್ಮಿ ಕಾಣತ್ತೆ, ಹಾಗಾಗಿ ಎಲ್ಲವೂ ಹೊರಗೆ, ಬೇಸಿಕ್ ಮತ್ತೆ ಡೈಲ್ಯೂಟೆಡ್ ಒಂದೇ ಅಂಕಿ. ಎರಡೂ ಒಂದೇ ಇದೆ ಅಂತ ನೋಡಿ ಈ ಕಂಪನೀಲಿ ಆಪ್ಷನ್ನೇ ಇಲ್ಲ ಅಂತ ತಿಳ್ಕೊಳ್ಳೋರು ಇದಾರೆ, ಅದು ಬಹಳ ಅಪಾಯದ ತಪ್ಪು.

ಹೊರಗಿಟ್ಟಿದ್ದು ಎಲ್ಲಿ ಸಿಗತ್ತೆ

ಹೊರಗಿಟ್ಟ ಬಾಂಡ್ ಮಾಯ ಆಗಿರಲ್ಲ. ವಾರ್ಷಿಕ ವರದೀಲಿ ಇಪಿಎಸ್ ಕುರಿತ ಟಿಪ್ಪಣಿ ಇರತ್ತೆ, ಈ ವರ್ಷ ಆ್ಯಂಟಿ ಡೈಲ್ಯೂಟಿವ್ ಅಂತ ಬಿಟ್ಟಿದ್ದು, ಆದ್ರೆ ಮುಂದೆ ಪಾಲು ಕರಗಿಸಬಹುದಾದದ್ದು ಯಾವುದು ಅಂತ ಅಲ್ಲಿ ಹೇಳಲೇಬೇಕು ಅಂತ ನಿಯಮಾನೇ ಇದೆ. ಆ ಸಾಲು ಸಿಕ್ಕಿದ್ರೆ ಬಾಂಡ್‌ನ ಸಂಖ್ಯೆ ಲೆಕ್ಕ ಹಾಕಿ ಪಕ್ಕದಲ್ಲಿ ಬರೆದಿಟ್ಕೊಳ್ಳಿ. ನಮ್ಮಲ್ಲಿ ಅದು 10.50. ಷೇರು 2.08 ಕೋಟಿ ಇರೋವಾಗ ಪಾಲು 10.50 ದಾಟ್ಬೇಕು ಅಂದ್ರೆ ಲಾಭ 21.84 ಕೋಟಿ ದಾಟ್ಬೇಕು. ಬಡ್ಡಿ, ಷೇರು ಬೆಲೆ ಹಾಗೇ ಇದ್ದು ಲಾಭ 24 ಕೋಟಿ ಆಯ್ತು ಅಂದ್ಕೊಳ್ಳಿ, ಬೇಸಿಕ್ 12, ಆಪ್ಷನ್ ಸೇರಿಸಿ 11.54, ಈಗ ಬಾಂಡ್ ಒಳಗೆ ಬರತ್ತೆ, 26.1 ಕೋಟಿ ಭಾಗಿಸು 2.28 ಕೋಟಿ, 11.45. ಹೊಸದಾಗಿ ಒಂದು ಬಾಂಡೂ ಕೊಡದೆ ಡೈಲ್ಯೂಷನ್ ಲೆಕ್ಕದ ಷೇರು ಒಂದೇ ವರ್ಷಕ್ಕೆ 8 ಲಕ್ಷದಿಂದ 28 ಲಕ್ಷಕ್ಕೆ ಹಾರಿರತ್ತೆ.