ಹ್ಯಾಮರ್ ಕಂಡಾಗ ಮೊದಲು ಎಡಬದಿ ನೋಡಿ

ಷೇರಿನ ಚಾರ್ಟಿನಲ್ಲಿ ಚಿಕ್ಕ ದೇಹ, ಉದ್ದ ಕೆಳಬಾಲವಿರುವ ಹ್ಯಾಮರ್ ಕ್ಯಾಂಡಲ್ ಕಂಡ ಕೂಡಲೇ ಖರೀದಿಸದೆ, ಬೆಲೆ ಎಲ್ಲಿಂದ ಬಂದಿದೆ ಎಂದು ಚಾರ್ಟಿನ ಎಡಬದಿಯನ್ನು ನೋಡಿರಿ. ಉದಾಹರಣೆಗೆ, 560 ರೂಪಾಯಿಯಿಂದ ಇಳಿಯುತ್ತಾ ಬಂದ ಷೇರೊಂದು, ಹಿಂದೆ ಎರಡು ಬಾರಿ ಪುಟಿದೆದ್ದಿದ್ದ 500ರ ಸಪೋರ್ಟ್ ಬಳಿ 508ಕ್ಕೆ ತೆರೆದು, 496ಕ್ಕೆ ಕುಸಿದು, 511ರವರೆಗೆ ಏರಿ 510ಕ್ಕೆ ಮುಗಿದರೆ, ಆ ಉದ್ದನೆಯ ಕೆಳಬಾಲವು ಅಗ್ಗದ ಬೆಲೆಯಲ್ಲಿ ಕೊಳ್ಳುವವರು ಕಾದಿದ್ದರೆಂಬುದನ್ನು ಸೂಚಿಸುತ್ತದೆ. ನಾನಾದರೆ ಮರುದಿನದ ಬೆಲೆ 511ರ ಮೇಲೆ ಮುಗಿಯುವವರೆಗೆ ಕಾದು, 496ರ ಕೆಳಗೆ ಸ್ಟಾಪ್‌ಲಾಸ್ ಇಡುತ್ತೇನೆ. ಇದೇ ಆಕಾರವು ದೀರ್ಘ ಏರಿಕೆಯ ತುದಿಯಲ್ಲಿ ಮೂಡಿದರೆ ಅದರ ಹೆಸರೇ ಹ್ಯಾಂಗಿಂಗ್ ಮ್ಯಾನ್. ಅಲ್ಲಿ ಅದು ಇಳಿಕೆಯ ಎಚ್ಚರಿಕೆ. ಹಿಂದಿನ ಕ್ಯಾಂಡಲಿನ ದೇಹವನ್ನು ಮುಂದಿನದು ಪೂರ್ತಿ ನುಂಗುವ ಎಂಗಲ್ಫಿಂಗ್‌ನಲ್ಲಿಯೂ ಹಿಂದಿನ ಕ್ಯಾಂಡಲ್ ತೀರಾ ಚಿಕ್ಕದಾಗಿದ್ದರೆ ಅದನ್ನು ನುಂಗುವುದು ದೊಡ್ಡ ಸಂಗತಿಯಲ್ಲ. ಬೆಲೆ ಅಡ್ಡಡ್ಡವಾಗಿ ಸಾಗುವಾಗ ಪದೇಪದೇ ಕಾಣುವ, ತೆರೆದ ಬೆಲೆಯ ಬಳಿಯೇ ಮುಗಿಯುವ ಡೋಜಿಯನ್ನಂತೂ ನಾನು ಲೆಕ್ಕಕ್ಕೇ ಹಿಡಿಯುವುದಿಲ್ಲ.