ಹಿಟ್ಟು ಉಬ್ಬದ ವಾರ

ಜನವರಿಯಲ್ಲಿ ಬೆಂಗಳೂರಿಗೆ ಚಳಿ ಇಳಿದರೆ ನಮ್ಮನೆಯಲ್ಲಿ ಮೊದಲು ಗೊತ್ತಾಗುವುದು ಇಡ್ಲಿ ಹಿಟ್ಟಿಗೆ. ರಾತ್ರಿ ರುಬ್ಬಿಟ್ಟದ್ದು ಬೆಳಿಗ್ಗೆ ಆರಕ್ಕೂ ಹಾಗೇ ಕೂತಿರುತ್ತದೆ. ಅಂಥ ದಿನಗಳಲ್ಲಿ ನೆನೆಸುವಾಗಲೇ ಒಂದು ಚಮಚ ಮೆಂತ್ಯ ಹಾಕಿ, ಉಗುರುಬೆಚ್ಚಗಿನ ನೀರಲ್ಲಿ ರುಬ್ಬಿ, ಪಾತ್ರೆಗೆ ಹಳೇ ಶಾಲು ಸುತ್ತಿಡಿ. ಇಂಥದ್ದೇ ಒಂದು ವಾರ ಮೊಮ್ಮಗ ಸ್ವೆಟರ್ ಹಾಕಿಕೊಂಡು ಬಂದು, "ಭೂಮಿ ಬಿಸಿಯಾಗ್ತಿದೆ ಅಂತಾರಲ್ಲಜ್ಜಿ, ಎಲ್ಲಿ?" ಅಂದ.

ಅರ್ಧ ತಪ್ಪು ನಮ್ಮ ಮಾತಿನದೇ. ಇವತ್ತಿನ ಮಳೆ-ಚಳಿಗೂ ಹವಾಮಾನ ಅಂತೇವೆ, ಮೂವತ್ತು ವರ್ಷದ ಸರಾಸರಿಗೂ ಅದನ್ನೇ ಅಂತೇವೆ. ಶಾಲೆಯಲ್ಲಿ ಎರಡನೆಯದಕ್ಕೆ ವಾಯುಗುಣ ಅಂತ ಹೇಳಿಕೊಟ್ಟಿದ್ದರು, ಅದೇ ಚೆನ್ನ.

ಹಾಲಿನ ಲೆಕ್ಕ ಬರೆಯುವ ಪುಸ್ತಕದ ಹಿಂಬದಿಯಲ್ಲಿ ಅವನಿಂದಲೇ ಲೆಕ್ಕ ಮಾಡಿಸಿದೆ. ಜನವರಿಯ ಬೆಳಗಿನ ಜಾವ ಸಾಮಾನ್ಯವಾಗಿ 16 ಡಿಗ್ರಿ ಅಂತಿಟ್ಟುಕೊ. ಒಂದು ವಾರ ಪೂರ್ತಿ 11ಕ್ಕೆ ಇಳಿಯಿತು. ದಿನಕ್ಕೆ 5ರಂತೆ ಏಳು ದಿನಕ್ಕೆ 35 ಕಡಿಮೆ. ಅದನ್ನು 31 ದಿನಕ್ಕೆ ಹಂಚಿದರೆ ಆ ತಿಂಗಳ ಸರಾಸರಿ ಇಳಿಯುವುದು ಒಂದು ಡಿಗ್ರಿಗಿಂತ ಸ್ವಲ್ಪ ಹೆಚ್ಚು. ಮೂವತ್ತು ಜನವರಿಗಳಿಗೆ ಹಂಚು, ಉಳಿಯುವುದು ಬರೀ 0.04. ಜಗತ್ತಿನ ಸರಾಸರಿ ಈಗ ಹತ್ತು ವರ್ಷಕ್ಕೆ ಸುಮಾರು 0.2 ಡಿಗ್ರಿ ಏರುತ್ತಿದೆ, ಅಂದರೆ ಮೂವತ್ತು ವರ್ಷಕ್ಕೆ 0.6. ನಮ್ಮ ನಡುಕದ ವಾರ ಅದರ ಮುಂದೆ ಒಗ್ಗರಣೆಯ ಸಾಸಿವೆಯಷ್ಟು.

ಹಾಗಾದರೆ ಚಳಿ ಬಂದದ್ದೇಕೆ? ಈಶಾನ್ಯದಿಂದ ಒಣಗಾಳಿ, ಮೇಲೆ ಮೋಡವಿಲ್ಲದ ಆಕಾಶ. ಹಗಲಿನ ಶಾಖವನ್ನೆಲ್ಲ ನೆಲ ರಾತ್ರಿ ಬಿಟ್ಟುಕೊಡುತ್ತದೆ, ಹೊದಿಕೆಯಾಗುವ ಮೋಡವಿಲ್ಲ. ಭೂಮಿ ಬಿಸಿಯಾದರೂ ಗಾಳಿ ಬೀಸುವುದು, ಮೋಡ ಸರಿಯುವುದು ನಿಲ್ಲುವುದಿಲ್ಲವಲ್ಲ. ನಮ್ಮೂರಲ್ಲಿ 1884ರ ಜನವರಿ 13ರಂದು 7.8 ಡಿಗ್ರಿಗೆ ಇಳಿದಿತ್ತು. 2016ರ ಏಪ್ರಿಲ್‌ನಲ್ಲಿ 39.2ಕ್ಕೆ ಏರಿತ್ತು. ಆ ಒಂದು ಸುಡುಬಿಸಿಲ ದಿನವನ್ನೇ ಹಿಡಿದು "ನೋಡಿ, ಸಾಕ್ಷಿ" ಅನ್ನುವವರಿಗೂ ನಾನು ಇದೇ ಲೆಕ್ಕ ತೋರಿಸುತ್ತೇನೆ.

ಮನೆಯಲ್ಲಿ ನೀವೇ ಬರೆದಿಡುವುದಾದರೆ ಉಷ್ಣಮಾಪಕವನ್ನು ಉತ್ತರದ ಗೋಡೆಯ ನೆರಳಲ್ಲಿ, ಎದೆಯೆತ್ತರಕ್ಕೆ, ಗಾಳಿಯಾಡುವ ಕಡೆ ತೂಗುಹಾಕಿ. ಒಮ್ಮೆ ಹಾಕಿದ ಮೇಲೆ ಜಾಗ ಬದಲಿಸಬೇಡಿ, ಬದಲಿಸಿದರೆ ಹಳೇ ಅಂಕಿಗೂ ಹೊಸದಕ್ಕೂ ತಾಳೆಯಾಗುವುದಿಲ್ಲ. ಇನ್ನೊಂದು ಮಾತು, ಆ ಅಂಕಿ ಏರಿದರೆ ಪೂರ್ತಿ ಭೂಮಿಯ ಖಾತೆಗೆ ಹಾಕಬೇಡಿ. ಎದುರಿನ ಖಾಲಿ ಸೈಟಿನಲ್ಲಿ ಐದಂತಸ್ತಿನ ಕಟ್ಟಡ ಎದ್ದಿದ್ದರೆ ಆ ಕಾಂಕ್ರೀಟೂ ರಾತ್ರಿಯಿಡೀ ಬಿಸಿ ಬಿಡುತ್ತಿರುತ್ತದೆ. ಅದಕ್ಕೇ ಹಳ್ಳಿ, ಸಮುದ್ರ ಎಲ್ಲ ಸೇರಿಸಿ ಸಾವಿರಾರು ಕಡೆಯ ಅಳತೆ ನೋಡುವುದು.

ಮೊಮ್ಮಗ ಮರುದಿನವೇ ಒಂದು ಮಾಪಕ ತಂದ. ಮೊದಲ ಬೆಳಿಗ್ಗೆಯೇ 24 ತೋರಿಸಿತು. ಹೋಗಿ ನೋಡಿದರೆ ಗೀಸರಿನ ಪಕ್ಕ ಮೊಳೆ ಹೊಡೆದಿದ್ದಾನೆ.