ಹೊಸ ಸೆಲ್ ಹಾಕಿದ ಮೇಲೂ ರಾತ್ರಿ ಏಳು ನಿಮಿಷ ಹಿಂದೆ

ನಾನು ಸೋಮವಾರಪೇಟೆ ಕಡೆಯ ಒಂದು ಕಾಫಿ ತೋಟದಲ್ಲಿ ಲೆಕ್ಕ ಬರೆಯುವ ರೈಟರ್. ಕೊಯ್ಲಿನ ಸಮಯದಲ್ಲಿ ಕೈಯಲ್ಲಿ ವಾಚ್ ಬೇಕೇ ಬೇಕು. ಹಣ್ಣು ತೂಕಕ್ಕೆ ಬಂದಾಗ ಫೋನ್ ತೆಗೆಯೋಕೆ ಕೈ ಬಿಡುವಿರುವುದಿಲ್ಲ. ಕಳೆದ ಡಿಸೆಂಬರ್‌ನಲ್ಲಿ ನನ್ನ ಹಳೇ ಕ್ವಾರ್ಟ್ಜ್ ವಾಚ್ ನಿಂತುಹೋಯಿತು. ಪೇಟೆಯಲ್ಲಿ ಹೊಸ ಸೆಲ್ ಹಾಕಿಸಿದೆ. ಎರಡು ದಿನ ಓಡಿತು, ಮತ್ತೆ ನಿಂತಿತು.

ಎರಡನೇ ಸಲ ಯಾರಿಗೂ ಕೊಡಲಿಲ್ಲ, ನಾನೇ ಹಿಂಬದಿ ಮುಚ್ಚಳ ಬಿಚ್ಚಿದೆ. ಒಳಗಿದ್ದ ಸೆಲ್ ಮೇಲೆ ಎಲ್‌ಆರ್ 626 ಅಂತ ಬರೆದಿತ್ತು. ಅಂದರೆ ಅಲ್ಕಲೈನ್. ಈ ವಾಚಿಗೆ ಬೇಕಾದದ್ದು ಎಸ್‌ಆರ್ 626 ಎಸ್‌ಡಬ್ಲ್ಯೂ, ಸಿಲ್ವರ್ ಆಕ್ಸೈಡ್ ಸೆಲ್. ಎರಡೂ ಒಂದೇ ಅಳತೆ, ಕಣ್ಣಿಗೆ ವ್ಯತ್ಯಾಸ ಗೊತ್ತಾಗೋದಿಲ್ಲ. ಆದರೆ ಸಿಲ್ವರ್ ಸೆಲ್ 1.55 ವೋಲ್ಟ್‌ನ ಆಸುಪಾಸಿನಲ್ಲೇ ಕೊನೆತನಕ ನಿಂತಿರುತ್ತದೆ. ಅಲ್ಕಲೈನ್ ದಿನ ಕಳೆದಂತೆ ಸಣ್ಣದಾಗಿ ಇಳಿಯುತ್ತಾ ಹೋಗುತ್ತದೆ. ನನ್ನ ಮಲ್ಟಿಮೀಟರ್‌ನಲ್ಲಿ ಆ 'ಹೊಸ' ಸೆಲ್ 1.38 ತೋರಿಸಿತು. ಎಷ್ಟು ವರ್ಷ ಡಬ್ಬಿಯಲ್ಲಿ ಕೂತಿತ್ತೋ!

ಸೆಲ್ ಕೂರುವ ಜಾಗದಲ್ಲಿ ಒಂದು ಸಣ್ಣ ತಗಡಿನ ನಾಲಿಗೆ ಇರುತ್ತದೆ. ಅದರ ತುದಿಯಲ್ಲಿ ಹಸಿರು ಕಿಲುಬು ಕಟ್ಟಿತ್ತು. ಹಲ್ಲುಕಡ್ಡಿಯ ತುದಿಯನ್ನು ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿ, ಒತ್ತದೆ ಉಜ್ಜಿದೆ. ಪಕ್ಕದಲ್ಲೇ ಕೂದಲಿಗಿಂತ ಸಣ್ಣ ತಂತಿಯ ಕಾಯಿಲ್ ಇರುತ್ತದೆ, ಅದಕ್ಕೆ ಕಡ್ಡಿ ತಾಗಿದರೆ ವಾಚಿನ ಕತೆ ಮುಗಿಯಿತು. ಹೊಸ ಸಿಲ್ವರ್ ಸೆಲ್ಲನ್ನು ಪ್ಲಾಸ್ಟಿಕ್ ಚಿಮುಟದಲ್ಲಿ ಹಿಡಿದು, ಬರಹದ ಬದಿ ಮೇಲೆ ಬರುವಂತೆ ಕೂರಿಸಿದೆ. ಕಬ್ಬಿಣದ ಚಿಮುಟ ಎರಡೂ ಮುಖಕ್ಕೆ ತಾಗಿದರೆ ಶಾರ್ಟ್ ಆಗುತ್ತದೆ. ಬೆರಳಿನ ಬೆವರು ಕೂಡ ಒಳ್ಳೇದಲ್ಲ.

ವಾಚ್ ಓಡಿತು. ಆದರೆ ಬೆಳಿಗ್ಗೆ ನೋಡಿದರೆ ಏಳು ನಿಮಿಷ ಹಿಂದೆ. ಸರಿ ಮಾಡಿದೆ. ಸಂಜೆವರೆಗೆ ಫೋನಿನ ಜೊತೆ ಸೆಕೆಂಡಿಗೆ ಸೆಕೆಂಡು ಸರಿ. ಮರುದಿನ ಬೆಳಿಗ್ಗೆ ಮತ್ತೆ ಏಳು ನಿಮಿಷ.

ಮನೆಯವಳು 'ಚಳಿಗೆ ಅದೂ ಮುದುಡಿಕೊಂಡಿರಬೇಕು' ಅಂದಳು. ಜನವರಿ ರಾತ್ರಿ ನಮ್ಮಲ್ಲಿ ಚಳಿ ಜೋರು, ನನಗೂ ಹಾಗೇ ಅನ್ನಿಸಿತು. ಆದರೆ ಲೆಕ್ಕ ಹಾಕಿದಾಗ ಅದು ಹೊಂದಲಿಲ್ಲ. ಒಳಗಿನ ಕ್ವಾರ್ಟ್ಜ್ ಹರಳು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಚಿಪ್ ಅದನ್ನು 15 ಸಲ ಅರ್ಧ ಮಾಡಿ, ಸೆಕೆಂಡಿಗೆ ಒಂದು ಮಿಡಿತ ತೆಗೆದು ಮೋಟಾರಿಗೆ ಕಳಿಸುತ್ತದೆ. ಚಳಿಯಲ್ಲಿ ಹರಳು ನಿಧಾನ ಆಗುವುದು ನಿಜ. ಆದರೆ 25 ಡಿಗ್ರಿಗೆ ಹೊಂದಿಸಿದ ಹರಳು 10 ಡಿಗ್ರಿಯಲ್ಲಿ ಇಡೀ ದಿನ ಇದ್ದರೂ ಒಂದು ಸೆಕೆಂಡು ಕೂಡ ಕಳೆದುಕೊಳ್ಳುವುದಿಲ್ಲ. ಏಳು ನಿಮಿಷ ಅಂದರೆ 420 ಸೆಕೆಂಡು. ಹಾಗಾಗಿ ಎಣಿಸುವವನು ತಪ್ಪುತ್ತಿಲ್ಲ, ಹೆಜ್ಜೆ ಇಡುವವನು ಎಡವುತ್ತಿದ್ದಾನೆ. ನಿಮಿಷಗಟ್ಟಲೆ ಹಿಂದೆ ಬೀಳುವ ಕ್ವಾರ್ಟ್ಜ್ ವಾಚಿನಲ್ಲಿ ಹರಳಿನ ಮೇಲೆ ಅನುಮಾನ ಪಡುವುದನ್ನು ಅಂದೇ ಬಿಟ್ಟೆ.

ಎರಡನೇ ಅನುಮಾನ ರೇಡಿಯೋ ಮೇಲೆ. ರಾತ್ರಿ ವಾಚ್ ಬಿಚ್ಚಿ ಅದರ ಸ್ಪೀಕರಿನ ಪಕ್ಕವೇ ಇಡುತ್ತಿದ್ದೆ. ವಾಚಿನ ಮೋಟಾರಿನಲ್ಲಿ ತಿರುಗುವುದೇ ಒಂದು ಸಣ್ಣ ಅಯಸ್ಕಾಂತ. ಹತ್ತಿರದಲ್ಲಿ ದೊಡ್ಡ ಅಯಸ್ಕಾಂತ ಇದ್ದರೆ ಅದು ತಿರುಗದೆ ನಿಲ್ಲಬಹುದು, ದೂರ ಮಾಡಿದರೆ ಮತ್ತೆ ಓಡುತ್ತದೆ. ಎರಡು ರಾತ್ರಿ ವಾಚನ್ನು ಬೇರೆ ಕೋಣೆಯ ಕಿಟಕಿ ಹತ್ತಿರ ಇಟ್ಟೆ. ಒಮ್ಮೆ ಆರೂವರೆ, ಒಮ್ಮೆ ಏಳು ನಿಮಿಷ ಹಿಂದೆ. ರೇಡಿಯೋ ಪಾಪ, ಸುಮ್ನೆ ಬೈಸಿಕೊಂಡಿತು.

ಮೂರನೇ ರಾತ್ರಿ ಟಾರ್ಚ್ ಹಿಡಿದು ಕೂತೆ. ಹತ್ತು ಗಂಟೆವರೆಗೆ ಮುಳ್ಳು ಚೆನ್ನಾಗಿಯೇ ನಡೆಯಿತು. ಹನ್ನೊಂದರ ಹತ್ತಿರ ಸೆಕೆಂಡ್ ಮುಳ್ಳು ಒಮ್ಮೊಮ್ಮೆ ಇದ್ದಲ್ಲೇ ನಡುಗಿ, ಮುಂದೆ ಹೋಗದೆ ನಿಲ್ಲತೊಡಗಿತು. ಮೋಟಾರಿಗೆ ಬರುವ ಮಿಡಿತಗಳ ದಿಕ್ಕು ಒಂದು ಸಲ ಈ ಕಡೆ, ಮುಂದಿನ ಸಲ ಆ ಕಡೆ. ಒಂದು ಹೆಜ್ಜೆ ತಪ್ಪಿದರೆ ಮುಂದಿನ ಮಿಡಿತ ಉಲ್ಟಾ ದಿಕ್ಕಿನದು. ಅದು ರೋಟರನ್ನು, ಅಂದರೆ ಆ ತಿರುಗುವ ಅಯಸ್ಕಾಂತವನ್ನು, ಇದ್ದ ಜಾಗಕ್ಕೇ ಎಳೆಯುತ್ತದೆ, ಅದೂ ದಂಡ. ಹಾಗಾಗಿ ನನ್ನದರಂಥ ಸಾದಾ ವಾಚಿನಲ್ಲಿ ಒಂದು ಸಲ ಎಡವಿದರೆ ಎರಡು ಸೆಕೆಂಡು ಹೋಗುತ್ತದೆ. ರಾತ್ರಿಗೆ ಸುಮಾರು 210 ಸಲ ಎಡವುತ್ತಿತ್ತು ಅಂತಾಯಿತು.

ಹನ್ನೊಂದು ಗಂಟೆಗೇ ಯಾಕೆ? ಆ ಹೊತ್ತಿನಲ್ಲಿ ವಾಚ್ ಇನ್ನೊಂದು ಕೆಲಸ ಮಾಡುತ್ತಿರುತ್ತದೆ: ತಾರೀಕು ಬದಲಿಸುವುದು. ಬಹಳಷ್ಟು ವಾಚುಗಳಲ್ಲಿ ರಾತ್ರಿ ಒಂಬತ್ತು ಹತ್ತರಿಂದಲೇ ಒಂದು ಹಲ್ಲು ತಾರೀಕಿನ ಬಳೆಯನ್ನು ತಳ್ಳೋಕೆ ಶುರು ಮಾಡುತ್ತದೆ. ಮೋಟಾರಿಗೆ ದಿನದಲ್ಲಿ ಜಾಸ್ತಿ ಭಾರ ಬೀಳುವುದು ಆಗಲೇ.

ಆದರೆ ಚಳಿ ಬೀಳುವುದೂ ಆ ಹೊತ್ತಿಗೇ ಅಲ್ವಾ? ಚಳಿಗೆ ಹರಳು ಕೆಡದಿದ್ದರೂ ಒಳಗಿನ ಎಣ್ಣೆ ಗಟ್ಟಿಯಾಗಬಹುದು. ಎರಡನ್ನೂ ಬೇರೆ ಮಾಡೋಕೆ ಒಂದು ಉಪಾಯ ಹೊಳೆಯಿತು. ಬೆಳಿಗ್ಗೆ ಏಳಕ್ಕೆ ವಾಚಿನ ಪಕ್ಕದ ತಿರುಗಿಸುವ ಗುಂಡಿಯನ್ನು, ಅಂದರೆ ಕಿರೀಟವನ್ನು, ಪೂರ್ತಿ ಎಳೆದು, ಮುಳ್ಳುಗಳನ್ನು ಮುಂದಕ್ಕೆ 12 ಗಂಟೆ ತಿರುಗಿಸಿ ಮತ್ತೆ ಏಳಕ್ಕೇ ತಂದೆ. ನೋಡೋಕೆ ಸಮಯ ಸರಿ. ಆದರೆ ವಾಚಿನ ಲೆಕ್ಕದಲ್ಲಿ ಅದೀಗ ಸಂಜೆ ಏಳು, ತಾರೀಕು ಬದಲಾಗುವುದು ನಡುಮಧ್ಯಾಹ್ನ.

ಅವತ್ತು ಕಣದಲ್ಲಿ ಕಾಫಿ ಹರಡಿಸುತ್ತಾ ಬಿಸಿಲಿನಲ್ಲೇ ಇದ್ದೆ, ವಾಚ್ ಕೈಯಲ್ಲೇ ಇತ್ತು. ಮಧ್ಯಾಹ್ನ ಎರಡಕ್ಕೆ ಫೋನ್ ನೋಡಿದೆ: ಆರು ನಿಮಿಷ ಹಿಂದೆ! ಸರಿ ಮಾಡಿಟ್ಟೆ. ಆ ರಾತ್ರಿ ಕಿಟಕಿ ಹತ್ತಿರದ ಚಳಿಯಲ್ಲಿ ಒಂದು ಸೆಕೆಂಡೂ ಕಳೆಯಲಿಲ್ಲ. ಚಳಿ ಅಲ್ಲ ಅಂತ ಅಲ್ಲಿಗೆ ತೀರ್ಮಾನ.

ಆಮೇಲೆ ಕಿರೀಟವನ್ನು ಒಂದೇ ಹಂತ ಎಳೆದು ತಾರೀಕನ್ನು ಒಂದೊಂದಾಗಿ ತಿರುಗಿಸಿ ನೋಡಿದೆ. ಇದನ್ನು ವಾಚಿನ ಲೆಕ್ಕದ ರಾತ್ರಿ ಒಂಬತ್ತರಿಂದ ಒಂದರ ನಡುವೆ ಮಾಡಬಾರದು, ಹಲ್ಲು ಮುರಿಯಬಹುದು. ಕೆಲವು ತಾರೀಕು ಬೆಣ್ಣೆಯಂತೆ ಸರಿದವು, ಕೆಲವು ಬೆರಳಿಗೆ ಗೊತ್ತಾಗುವಷ್ಟು ಬಿಗಿ.

ಇಲ್ಲಿಗೆ ನನ್ನ ಕೈಯ ಕೆಲಸ ಮುಗಿಯಿತು. ತಾರೀಕಿನ ಬಳೆ ಇರುವುದು ಡಯಲ್ ಕೆಳಗೆ. ಅಲ್ಲಿಗೆ ಹೋಗಬೇಕಾದರೆ ಮುಳ್ಳುಗಳನ್ನು ಕೀಳಬೇಕು, ಮತ್ತೆ ಒಂದಕ್ಕೊಂದು ತಾಗದಂತೆ ಕೂರಿಸಬೇಕು. ಅದಕ್ಕೆ ಬೇಕಾದ ಕೈ ನನ್ನದಲ್ಲ. ಕುಶಾಲನಗರದಲ್ಲಿ ಒಬ್ಬರು ವಯಸ್ಸಾದ ರಿಪೇರಿಯವರ ಬಳಿ ಹೋದೆ. 'ಸೆಲ್ ಸರಿ ಇದೆ, ರಾತ್ರಿ ತಾರೀಕು ತಳ್ಳುವಾಗ ಮಾತ್ರ ಹಿಂದೆ ಬೀಳುತ್ತೆ' ಅಂದೆ. ಅವರು ಕನ್ನಡಕದ ಮೇಲಿಂದ ನನ್ನನ್ನೇ ನೋಡಿದರು. 'ಎಲ್ಲರೂ ಬರೀ ವಾಚ್ ಕೆಟ್ಟಿದೆ ಅಂತಾರಪ್ಪ' ಅಂದರು.

ಡಯಲ್ ತೆಗೆದು ಮಸೂರ ನನ್ನ ಕೈಗೆ ಕೊಟ್ಟರು. ಬಳೆಯ ಅಂಚಿನ ಕೆಳಗೆ ಕಂದು ತುಕ್ಕಿನ ಚುಕ್ಕೆಗಳು, ಹಳೇ ಎಣ್ಣೆ ಜೇನಿನ ಹಾಗೆ ಅಂಟಿತ್ತು.

'ಮಳೆಗಾಲದಲ್ಲಿ ಗಾಜಿನ ಒಳಗೆ ಹಬೆ ಕಟ್ಟಿತ್ತಾ?'

ಆಗಸ್ಟ್‌ನಲ್ಲಿ ಕಟ್ಟಿತ್ತು. ಒಲೆಯ ಹತ್ತಿರ ಇಟ್ಟಿದ್ದೆ, ಒಂದು ಗಂಟೆಯಲ್ಲಿ ಹೋಗಿತ್ತು, ನಾನೂ ಮರೆತಿದ್ದೆ. ಗಾಜಿನಿಂದ ಹೋಗಿತ್ತು ಅಷ್ಟೇ, ತೇವ ಒಳಗೇ ಇತ್ತು. ಅಂದೇ ಮುಚ್ಚಳ ಬಿಚ್ಚಿ, ಬಿಗಿ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಎರಡು ದಿನ ಇಡಬೇಕಿತ್ತಂತೆ.

ಅವರು ಬಳೆ ತೊಳೆದು, ತುಕ್ಕು ತೆಗೆದು, ಮುಚ್ಚಳದ ಒಣಗಿ ಬಿರುಕು ಬಿಟ್ಟ ರಬ್ಬರ್ ರಿಂಗ್ ಬದಲಿಸಿದರು. ಆ ರಿಂಗ್ ನಾನು ಮುಚ್ಚಳ ಬಿಚ್ಚಿದಾಗ ಎರಡು ಸಲ ನನ್ನ ಕಣ್ಣೆದುರೇ ಇತ್ತು, ನೋಡಿರಲಿಲ್ಲ. ಫೆಬ್ರವರಿಯ ಪೂರ್ತಿ ತಿಂಗಳಲ್ಲಿ ವಾಚ್ ಫೋನಿಗಿಂತ ಒಂಬತ್ತು ಸೆಕೆಂಡು ಮುಂದೆ ಹೋಯಿತು.